ಅರ್ಧ ಕೆಜಿ ಕೇಕಿನ ಮೇಲೆ ಹಿಡಿಸಿದ ಮಾತು

ಬೇಕರಿ ಅಂದ್ರೆ ಅದೆಷ್ಟು ದೊಡ್ಡದು? ಎದುರಿಗೆ ಒಂದು ಗಾಜಿನ ಕಪಾಟು, ಹಿಂದೆ ಓವನ್, ಎರಡರ ನಡುವೆ ಅಪ್ಪ-ಮಗ ಇಬ್ಬರು ಓಡಾಡಿದ್ರೆ ಮೂರನೆಯವರು ಉಸಿರು ಬಿಗಿ ಹಿಡೀಬೇಕು. ಆ ಮೂರನೆಯವಳೇ ಸೊಸೆ. ಮದುವೆಯಾಗಿ ಎಂಟು ತಿಂಗಳು, ಮಾಡಿದ್ದೆಲ್ಲ ಬರೀ ಪ್ಯಾಕಿಂಗು. ಡಬ್ಬಿ ಮಡಚು, ದಾರ ಕಟ್ಟು, ಇಷ್ಟೇ.

ಹಬ್ಬಕ್ಕೆ ಮೂರು ದಿನ ಸೇಲ್ ಇಡೋಣ ಅಂತಾಯ್ತು. ಅರ್ಧ ಕೆಜಿ ಕೇಕ್ ತಗೊಂಡವರಿಗೆ ಆರು ಬನ್ ಪುಕ್ಕಟೆ. ಬೀದಿಯವರೆಲ್ಲ ತಮಿಳಿನವರು, ಹಾಗಾಗಿ ಬಾಗಿಲ ಮೇಲಿನ ಬೋರ್ಡಿಗೆ ತಮಿಳಲ್ಲೇ ಒಂದು ಸಾಲು ಬೇಕು. ಗಂಡ ಬರ್ಕೊಂಡು ಬಂದಿದ್ದ: 'ಸುವೈಯಾನ, ತರಮಾನ, ಮಲಿವಾನ ಪಂಡಿಗೈ ಸಿರಪ್ಪು ವಿರ್ಪನೈ'. ಅಂದ್ರೆ ರುಚಿಯಾದ, ಗುಣಮಟ್ಟದ, ಅಗ್ಗವಾದ ಹಬ್ಬದ ವಿಶೇಷ ಮಾರಾಟ.

ಸೊಸೆ ಹುಟ್ಟಿ ಬೆಳೆದದ್ದೇ ಇಂಥ ಬೀದೀಲಿ. ಮನೇಲಿ ಕನ್ನಡ, ಹೊಸಲು ದಾಟಿದ್ರೆ ತಮಿಳು. ಅವಳಿಗೆ ಬಾಯಿ ತುರಿಸ್ತು.

"ಇದೇನ್ರೀ, ಸರ್ಕಾರಿ ನೋಟೀಸಾ? ಓದೋ ಹೊತ್ತಿಗೆ ಬನ್ ಹಳಸಿರುತ್ತೆ."

"ಹಾಗಾದ್ರೆ ನೀನು ಬರಿ ನೋಡೋಣ, ಮಹಾ ಪಂಡಿತೆ!"

"ಬರೀತೀನಿ. 'ಪಂಡಿಗೈನ್ನಾ ಕೇಕ್ಕವಾ ವೇಣುಂ!'"

ಹಬ್ಬ ಅಂದ್ರೆ ಕೇಳಬೇಕಾ ಅಂತ ನಾವು ಹೇಳ್ತೀವಲ್ಲ, ಅದೇ ಮಾತು. ತಮಿಳಲ್ಲಿ ದಿನಕ್ಕೆ ಹತ್ತು ಸಲ ಬಾಯಿಗೆ ಬರೋದು. 'ಕೇಕ್ಕವಾ' ಅನ್ನೋದರ ಹೊಟ್ಟೇಲಿ ಕೇಕು ತಾನಾಗೇ ಕೂತಿದೆ, ಯಾರೂ ತುರುಕಿಲ್ಲ.

ಗಂಡ ಕಿಸಕ್ಕಂದ, ಆಮೇಲೆ ನಕ್ಕಿದ್ದಕ್ಕೇ ಸಿಟ್ಟು ಮಾಡ್ಕೊಂಡ. ಇಬ್ಬರೂ ಮಾವನ ಕಡೆ ತಿರುಗಿದ್ರು.

ಮಾವ ನಲವತ್ತು ವರ್ಷದಿಂದ ಕೇಕಿನ ಮೇಲೆ ತಮಿಳು ಹೆಸರು ಬರೆದ ಕೈ. ಅಕ್ಷರ ಮುತ್ತು ಪೋಣಿಸಿದ ಹಾಗೆ, ಆದ್ರೆ ತಮಾಷೆ ಅರ್ಥ ಆಗೋದು ಮಾರನೇ ದಿನ. ಹೊಸ ಮಾತು ಏನೇ ಬರಲಿ, ಅವನದು ಒಂದೇ ಪರೀಕ್ಷೆ.

"ಅರ್ಧ ಕೆಜಿ ಕೇಕಿನ ಮೇಲೆ, ಒಂದೇ ಕೋನ್ ಕ್ರೀಮಲ್ಲಿ ಮುಗೀಬೇಕು. ಅಲ್ಲಿ ಹಿಡಿಸದ್ದು ಬೀದೀಲೂ ಹಿಡಿಸಲ್ಲ."

"ಹಿಡಿಸಿದ್ರೆ?" ಸೊಸೆ ಕೇಳಿದ್ಳು.

"ಬೋರ್ಡಿಗೂ ಅದೇ. ಇಲ್ಲಾಂದ್ರೆ ಬಾಯ್ಮುಚ್ಕೊಂಡು ದಾರ ಕಟ್ಟು ತಾಯಿ."

ಸೊಸೆ ಕೈಲಿದ್ದ ದಾರದುಂಡೆ ಪಕ್ಕಕ್ಕಿಟ್ಳು. ಇದೂ ಹೋದ್ರೆ ಜೀವನಪೂರ್ತಿ ದಾರವೇ.

ಮೊದಲು ಮಗನ ಸಾಲು. 'ಸುವೈಯಾನ' ಮೇಲಂಚು ತುಂಬ್ತು, 'ತರಮಾನ' ಹೊಟ್ಟೆ ತುಂಬ್ತು, 'ಮಲಿವಾನ' ಅಂಚಿನಿಂದ ಜಾರಿ ತಟ್ಟೆಗೆ ಬಿತ್ತು. ಕೋನೂ ಖಾಲಿ. ಹಬ್ಬ ಇನ್ನೂ ಬಂದೇ ಇರ್ಲಿಲ್ಲ!

"ಅಗ್ಗವಾಗಿದ್ದು ಬಿದ್ದೇ ಹೋಯ್ತಲ್ಲೋ," ಅಂದ ಮಾವ.

ಆಮೇಲೆ ಅವಳದು. ಮೂರು ಪದ, ಮೂರು ಸಾಲು, ಹದಿಮೂರು ಅಕ್ಷರ. ಕೇಕ್ ಅನ್ನೋಷ್ಟನ್ನ ಮಾತ್ರ ಕೆಂಪು ಜೆಲ್ಲಿಯಲ್ಲಿ ಬರೀರಿ ಮಾವ ಅಂದ್ಳು. ಹಾಗೇ ಬರೆದ. ಕೊನೇಲಿ ಒಂದು ಹೂ ಹಾಕೋಷ್ಟು ಕ್ರೀಮ್ ಉಳೀತು. ಆದ್ರೆ ಮಾವನ ಮುಖದಲ್ಲಿ ನಗುವಿನ ಸುಳಿವಿಲ್ಲ.

"ಹಿಡಿಸ್ತು ಸರಿ. ಆದ್ರೆ ಇದರಲ್ಲಿ ನಗೋಕೇನಿದೆ?"

ಬಿಡಿಸಿ ಹೇಳಿದ್ರೆ ತಮಾಷೆ ಸತ್ತೇ ಹೋಗುತ್ತೆ. ಸೊಸೆ ಕೇಕನ್ನ ಮೇಜಿನ ಮೇಲೆ ಬಾಗಿಲ ಕಡೆ ತಿರುಗಿಸಿಟ್ಳು.

ಅಷ್ಟರಲ್ಲಿ ಎದುರಂಗಡಿ ಟೈಲರಮ್ಮ ಒಳಗೆ ಬಂದ್ಳು, ಕುತ್ತಿಗೇಲಿ ಟೇಪು, ಬೆರಳಲ್ಲಿ ಸೀಮೆಸುಣ್ಣ. ಮೊಮ್ಮಗಳ ಹುಟ್ಟುಹಬ್ಬದ ಕೇಕು ಒಯ್ಯೋಕೆ. ಕಟ್ಟಿಟ್ಟಿದ್ದ ಡಬ್ಬಿ ತಗೋಳೋ ಬದಲು ಮೇಜಿನ ಮೇಲಿದ್ದದ್ದನ್ನ ಓದಿದ್ಳು. ಮೊದಲು ಮನಸ್ಸಲ್ಲಿ. ಆಮೇಲೆ ಬಾಯಲ್ಲಿ. ಆಮೇಲೆ ಗೋಡೆ ಹಿಡ್ಕೊಂಡು ನಕ್ಕಳು.

"ಅಣ್ಣಾ, ಇದನ್ನೇ ಕೊಡು!"

"ಅಮ್ಮಾ, ಅದು ಪರೀಕ್ಷೆಗೆ ಬರೆದದ್ದು. ನಿಮ್ಮದರ ಮೇಲೆ ಮಗು ಹೆಸರಿದೆ."

"ಮಗುಗೆ ತನ್ನ ಹೆಸರು ಗೊತ್ತಿದೆ ಬಿಡು, ದಿನಾ ಕೂಗ್ತೀವಿ. ಎರಡೂ ಕೊಡು."

ಬೀದಿ ದಾಟೋವಷ್ಟರಲ್ಲಿ ನಾಲ್ಕು ಜನಕ್ಕೆ ತೋರಿಸಿದ್ಳು. ಗಂಟೆಯೊಳಗೆ ಹೂವಿನವಳು ಬಂದ್ಳು, ಸೈಕಲ್ ಅಂಗಡಿಯವನು ಬಂದ. "ಬರಹ ಇರೋ ಕೇಕು" ಅಂತಲೇ ಎಲ್ಲರೂ ಕೇಳೋದು. ಬೋರ್ಡು ಇನ್ನೂ ಗೋಡೆಗೊರಗಿ ಬೋಳಾಗೇ ನಿಂತಿತ್ತು, ಸಾಲು ಮಾತ್ರ ಬೀದಿಯೆಲ್ಲ ತಿರುಗ್ತಿತ್ತು.

ಹನ್ನೊಂದನೇ ಕೇಕಿಗೆ ಮಾವನ ಕೈ ಸೋತಿತು. ಕೋನನ್ನ ಸೊಸೆ ಕಡೆ ಚಾಚಿದ.

"ನಿನ್ನ ಮಾತು, ನೀನೇ ಬರಿ."

"ನನ್ನ ಅಕ್ಷರ ಸೊಟ್ಟಗಿದೆ ಮಾವ."

"ನಗೋರು ಅಕ್ಷರ ನೋಡ್ತಾರಾ? ಲೇ ಮಗನೇ, ದಾರ ಕಟ್ಟೋಕೆ ನೀನು ಬಾ. ಬೋರ್ಡಿಗೂ ಇವಳದ್ದೇ, ಬನ್ನಿನ ವಿಷಯ ಕೆಳಗೆ ಸಣ್ಣಕ್ಷರದಲ್ಲಿರಲಿ."

ಗಂಡ ಮುಖ ಊದಿಸ್ಕೊಂಡು ಕೂತ. ಮೊದಲ ಗಂಟು ಬಿಚ್ಚಿಹೋಯ್ತು, ಎರಡನೆಯದು ಬೆರಳಿಗೇ ಬಿತ್ತು.

ಮಾರನೇ ಬೆಳಿಗ್ಗೆ ಹಿಟ್ಟು ನಾದ್ತಾ ನಾದ್ತಾ ಮಾವ ಇದ್ದಕ್ಕಿದ್ದ ಹಾಗೆ ನಿಂತ. "ಓಹೋ! ಕೇಕ್ಕವಾ!" ಅಂತ ಒಬ್ಬನೇ ಬಿದ್ದು ಬಿದ್ದು ನಗೋಕೆ ಶುರು ಮಾಡ್ದ. ಸೊಸೆ ಕೈಯಲ್ಲಿದ್ದ ಕೋನ್ ಅಲ್ಲಾಡಿ, ಕೇಕಿನ ಮೇಲೆ ಹದಿನಾಲ್ಕನೇ ಅಕ್ಷರ ಒಂದು ಮೂಡಿತು. ಅದರ ಮೇಲೊಂದು ಹೂ ಹಾಕಿ ಮುಚ್ಚಿದ್ಳು.