ಕೆಂಪು ಬಣ್ಣದ ‘ಉ’

ನಾನು ಮೈಲಾರೆಪ್ಪ. ರಾಣೆಬೆನ್ನೂರಿನ ಒಂದು ಡಿಗ್ರಿ ಕಾಲೇಜಿನ ಫಿಜಿಕ್ಸ್ ಲ್ಯಾಬಿನ್ಯಾಗ ಇಪ್ಪತ್ತೆರಡು ವರ್ಷದಿಂದ ಅಟೆಂಡರ್ ಅದೇನಿ. ದಿನಾ ದೇವರಗುಡ್ಡದಿಂದ ಮೊದಲನೇ ಬಸ್ಸಿಗೆ ಬರ್ತೇನಿ, ಸಂಜಿಗೆ ವಾಪಸ್ ಹೋಗ್ತೇನಿ. ನನ್ನ ಹೆಂಡ್ತಿ ಪ್ರೇಮವ್ವ, “ನಿಮಗಿಂತ ಮೊದ್ಲ ನಿಮ್ಮ ಬಾಯಿ ಮನಿಗೆ ಬರ್ತದ” ಅಂತಾಳ. ಅಂದ್ರ ಅನ್ಲಿ ಬಿಡ್ರಿ. ಬಾಯಿ ಇರೋದ ಅದಕ್ಕ.

ಪ್ರಾಕ್ಟಿಕಲ್ ಪರೀಕ್ಷೆ ಬಂತಂದ್ರ ಲ್ಯಾಬಿನ್ಯಾಗ ನಂದ ರಾಜ್ಯ. ಯಾವ ಲೆನ್ಸಿನ ಫೋಕಸ್ ಎಷ್ಟು, ಯಾವ ಮೀಟರ್ ಸುಳ್ಳು ಹೇಳ್ತದ, ಎಲ್ಲಾ ನಂಗ ಬಾಯಿಪಾಠ. ಹುಡುಗೂರು ಗಾಬರಿಯಾಗಿ ಬೆವರಾಕತ್ತಿದ್ರ ನೀರು ಕೊಡೋ ನೆವದಾಗ ಬಾಜು ಹೋಗಿ ಉತ್ತರ ಪಿಸುಗುಟ್ತಿದ್ದೆ. ತಪ್ಪು ಅಂತೀರೇನು? ಅನ್ರಿ. ಬಡವರ ಮಕ್ಕಳು ಕಣ್ಣಾಗ ನೀರು ತಂದ್ರ ನನಗ ತಡಕೊಳ್ಳಾಕ ಆಗೂದಿಲ್ಲ.

ಎರಡು ಸಾವಿರದ ಆರನೇ ಇಸವಿ. ಫೈನಲ್ ಇಯರ್ ಹುಡುಗೂರು ಪರೀಕ್ಷೆಗೆ ಯಾರಿಗೆ ಯಾವ ಪ್ರಯೋಗ ಅಂತ ಒಬ್ಬೊಬ್ಬರಾಗಿ ಚೀಟಿ ಎತ್ತಿದ್ರು. ಮುಸ್ಕಾನ್‌ಗೆ ಹಾಲ್ ಎಫೆಕ್ಟ್ ಬಂತು. ಬ್ಯಾಡಗಿ ರಸ್ತೇದಾಗ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿ ಐತಲ್ಲ, ಜಹಾಂಗೀರ ಸಾಬ್ರದು, ಅವರ ಮಗಳು ಆಕಿ. ಶಾಣ್ಯಾ ಹುಡುಗಿ. ಹಿಂದಿನ ವರ್ಷ ಕಾಮಾಲೆ ಆಗಿ ಥಿಯರಿ ಪೇಪರ್‌ನ್ಯಾಗ ಮಾರ್ಕ್ಸ್ ಕಡಿಮಿ ಬಿದ್ದಿದ್ವು. ಧಾರವಾಡದಾಗ ಎಮ್ಮೆಸ್ಸಿ ಸೀಟು ಸಿಗಬೇಕಂದ್ರ ಈ ಪ್ರಾಕ್ಟಿಕಲ್‌ನ್ಯಾಗ ಪೂರಾ ಮಾರ್ಕ್ಸಿನ ಹತ್ತಿರ ಬರಬೇಕಿತ್ತು. ಬೆಳಿಗ್ಗೆ ಬಾಗಿಲದಾಗ ನಿಂತು, “ಕಾಕಾ, ಇವತ್ತು ತಪ್ಪಿದ್ರ ಧಾರವಾಡ ತಪ್ಪಿತು” ಅಂದಿದ್ಲು.

“ಹಾಲ್ ಎಫೆಕ್ಟ್ ಬಂದೈತಲ್ಲ, ನಿನ್ನ ನಸೀಬ ಭಾರಿ ಐತಿ ಬಿಡು!” ಅಂದೆ.

ಯಾಕಂದ್ರ ಅದರ ಉತ್ತರ ನಂಗ ಗೊತ್ತಿತ್ತು. ಅದೊಂದು ಸಣ್ಣ ಜರ್ಮೇನಿಯಂ ತುಂಡು, ಅರ್ಧಾ ಮಿಲಿಮೀಟರ್ ದಪ್ಪ. ಅದನ್ನ ಎರಡು ದೊಡ್ಡ ಸುರುಳಿಯ ವಿದ್ಯುತ್ ಆಯಸ್ಕಾಂತದ ನಡುವ ಇಡೂದು. ತುಂಡಿನ ಉದ್ದಕ್ಕ ಕರೆಂಟ್ ಬಿಟ್ರ, ಒಳಗ ಓಡೋ ಚಾರ್ಜುಗಳನ್ನ, ಕ್ಯಾರಿಯರ್ ಅಂತಾರ ಅವಕ್ಕ, ಆಯಸ್ಕಾಂತ ಒಂದು ಬದಿಗೆ ದಬ್ಬತದ. ಅದರಿಂದ ಅಡ್ಡಕ್ಕ ಒಂದು ಸಣ್ಣ ವೋಲ್ಟೇಜ್ ಹುಟ್ಟತದ. ಮಜಾ ಏನಂದ್ರ, ಓಡೋವು ಪ್ಲಸ್ ಇರಲಿ, ಮೈನಸ್ ಇರಲಿ, ಕರೆಂಟಿನ ದಿಕ್ಕು ಒಂದ ಇದ್ರ ಎರಡೂ ಒಂದ ಬದಿಗೇ ಹೋಗಿ ಕೂಡತಾವ. ಯಾವ ಬದಿ ಅನ್ನೂದು ಆಯಸ್ಕಾಂತದ ಉತ್ತರ ಧ್ರುವ ಯಾವ ಕಡೆ ಐತಿ ಅನ್ನೂದರ ಮ್ಯಾಲೆ. ಆ ಬದಿ ಮೈನಸ್ ಆದ್ರ ಒಳಗ ಓಡೋವು ಎಲೆಕ್ಟ್ರಾನು, ಎನ್-ಟೈಪ್. ಪ್ಲಸ್ ಆದ್ರ ಹೋಲು, ಪಿ-ಟೈಪ್. ನಮ್ಮ ತುಂಡಿನ ಡಬ್ಬಿ ಮ್ಯಾಲೆ ಕಂಪನಿಯವರೇ ಎನ್-ಟೈಪ್ ಅಂತ ಬರದಾರ. ಆ ಡಬ್ಬಿ ಹುಡುಗೂರಿಗೆ ತೋರಿಸೂದಿಲ್ಲ, ಕಪಾಟಿನ್ಯಾಗ ಇರತದ.

ಎಕ್ಸ್‌ಟರ್ನಲ್ ಪರೀಕ್ಷಕರಾಗಿ ಹಾವೇರಿಯಿಂದ ಪ್ರಭುಲಿಂಗಪ್ಪ ಸರ್ ಬಂದಿದ್ರು. ಅವರ ಮೀಸಿ ನೋಡಿದ್ರ ಸಾಕು, ಹುಡುಗೂರಿಗೆ ತಮ್ಮ ಹೆಸರು ಮರ್ತು ಹೋಗ್ತಿತ್ತು. ನಮ್ಮ ಕಡೆಯಿಂದ ಶ್ರೀದೇವಿ ಮೇಡಂ ಇದ್ರು, ಅವರೂ ಸರ್ ಮುಂದ ಸುಮ್ಮನ ಕುಂತಿದ್ರು.

ಒಂದು ತಾಸಾತು. ಮುಸ್ಕಾನ್ ಕರೆಂಟು ತಿರುವಿದ್ಲು, ಆಯಸ್ಕಾಂತದ ಸ್ವಿಚ್ ತಿರುವಿದ್ಲು, ನಾಲ್ಕೂ ಸಲದ ರೀಡಿಂಗ್ ಬರಕೊಂಡ್ಲು. ಅಡ್ಡ ವೈರುಗಳು ಸರಿ ಎದುರಾ ಬದುರಾ ಇರಾಂಗಿಲ್ಲ, ಅದರ ಸುಳ್ಳು ವೋಲ್ಟೇಜ್ ತೆಗಿಯಾಕ ಹಂಗ ಮಾಡಬೇಕು. ಆಮ್ಯಾಲೆ ಪೆನ್ನು ಹಿಡಕೊಂಡು ಹಂಗ ಕುಂತಬಿಟ್ಲು.

ನೀರಿನ ಗ್ಲಾಸ್ ತಗೊಂಡು ಹೋದೆ. “ಎನ್ ಅಂತ ಬರಿ” ಅಂದೆ, ತುಟಿ ಅಲುಗಾಡಸದ.

“ಪಿ ಬರಾಕತ್ತದ ಕಾಕಾ.”

“ಏ ಹುಚ್ಚಿ, ವೈರ್ ಉಲ್ಟಾ ಹಾಕೀದಿ.”

“ಮೂರು ಸಲ ನೋಡೇನಿ. ಸರಿ ಅದಾವ.”

“ಇಡೀ ಕ್ಲಾಸು ಎನ್ ಬರದದ. ವರ್ಷಪೂರ್ತಿ ನೀನೂ ಎನ್ ಬರದೀದಿ!”

“ಆಗ ನೀವು ಹೇಳಿದ್ರಿ, ಬರದೆ. ವೈರ್ ಹಾಕಿದ್ದು ನನ್ನ ಗೆಳತಿ, ನಾ ದಿಕ್ಕು ನೋಡಿರಲಿಲ್ಲ. ಇವತ್ತ ನಾನ ನೋಡೇನಿ. ಕಂಡದ್ದು ಬಿಟ್ಟು ಹೆಂಗ ಬರೀಲಿ?”

ನನ್ನ ಸಿಟ್ಟು ನೆತ್ತಿಗೇರಿತು. ಇಂಥಾ ಹಟಮಾರಿ ಹುಡುಗೀನ ನಾ ನೋಡಿದ್ದಿಲ್ಲ. ‘ಸಾಯಿ ಹೋಗು’ ಅಂತ ಮನಸಿನ್ಯಾಗ ಬೈಕೊಂಡು, ಗ್ಲಾಸ್ ಟೇಬಲ್ ಮ್ಯಾಲೆ ಕುಕ್ಕಿ ಬಂದೆ. ಆದ್ರ ಬರುವಾಗ ಆಯಸ್ಕಾಂತದ ಹೊಸಾ ಸುರುಳಿ ಕಣ್ಣಿಗೆ ಬಿದ್ವು. ಹಿಂದಿನ ಮಳೆಗಾಲದ್ದೊಂದು ಮಾತು ನೆನಪಿಗೆ ಬಂತು.

ಆಗ ಆಯಸ್ಕಾಂತದ ಸುರುಳಿ ಸುಟ್ಟಿದ್ವು. ಕಂಪನಿಗೆ ಕಳಿಸಿದ್ರ ಮೂರು ತಿಂಗಳು ಅಂದ್ರು. ನಾ ಸುಮ್ಮನಿರಾವೇನು? ಎರಡೂ ಸುರುಳಿ ಚೀಲಕ್ಕ ಹಾಕ್ಕೊಂಡು ಜಹಾಂಗೀರ ಸಾಬ್ರ ಅಂಗಡಿಗೆ ಒಯ್ದೆ. ನಾಕ ದಿನದಾಗ ಹೊಸಾ ತಾಮ್ರದ ತಂತಿ ಸುತ್ತಿ ಕೊಟ್ರು. ಕೊಡುವಾಗ ರೈತರಿಗೆ ಹೇಳೋ ಹಂಗ ಹೇಳಿದ್ರು, “ಮೈಲಾರಣ್ಣಾ, ಕೂಡ್ರಿಸಿದ ಮ್ಯಾಲೆ ದಿಕ್ಕು ನೋಡು. ಉಲ್ಟಾ ಇದ್ರ ಎರಡು ವೈರ್ ಅದಲಬದಲ ಮಾಡು.” ನಾ ನಕ್ಕೆ. “ಸಾಬ್ರ, ಇದೇನು ಬಾವಿ ಪಂಪ್ ಅಲ್ಲರಿ, ತಿರುಗೂದ ಇಲ್ಲ ಇದು!” ಅಂಗಡಿ ತುಂಬ ಮಂದಿ ನಕ್ರು. ಸಾಬ್ರೂ ನಕ್ರು.

ವಾಪಸ್ ತಂದು ಕೂಡ್ರಿಸಿದೆ. ಆಯಸ್ಕಾಂತದ ಎಡಗಡೆ ಧ್ರುವಕ್ಕ ನಾನ ಹಿಂದ ಕೆಂಪು ಬಣ್ಣದಾಗ ‘ಉ’ ಅಂತ ಬರದಿದ್ದೆ, ಉತ್ತರ ಧ್ರುವ ಅಂತ. ಅದು ಹಂಗ ಇತ್ತು. ಆಯಸ್ಕಾಂತದ ಬಲ ಅಳಿಯೋ ಗಾಸ್ ಮೀಟರಿನ ಕಡ್ಡಿ ಹಿಡದೆ. ಎರಡು ಸಾವಿರ ತೋರಿಸಿತು, ಮುಂದ ಒಂದು ಮೈನಸ್ ಗೀಟು ಬಂತು. ಇದೇನಪಾ ಅಪಶಕುನ ಅಂತ ಕಡ್ಡಿ ತಿರುವಿ ಹಿಡದೆ. ಮೈನಸ್ ಹೋತು. ಮುಗೀತು, ಚಾ ಕುಡ್ಯಾಕ ಹೋದೆ. ಅವತ್ತಿನಿಂದ ಎಲ್ಲಾರಿಗೂ ಕಡ್ಡಿ ಹಂಗ ಹಿಡಿಯಾಕ ಕಲಿಸೇನಿ.

ಅಯ್ಯೋ ಶಿವನ! ಆ ಮೈನಸ್ ಯಾಕ ಬಂದಿತ್ತಂತ ಈಗ ಹೊಳೀತು. ಆದ್ರ ಯಾವತ್ತೂ ತೆರೆದ ಇರೋ ಬಾಯಿ ಅವತ್ತ ಮುಚ್ಚಿ ಕುಂತಿತ್ತು.

ಪ್ರಭುಲಿಂಗಪ್ಪ ಸರ್ ಮುಸ್ಕಾನ್ ಟೇಬಲ್ಲಿಗೆ ಬಂದ್ರು. ಉತ್ತರ ನೋಡಿದ್ರು, ಕಪಾಟಿನ ಡಬ್ಬಿ ತರಿಸಿದ್ರು. ಕೆಂಪು ಪೆನ್ನು ತಗದು ‘ಪಿ’ ಮ್ಯಾಲೆ ಅಡ್ಡ ಗೀಟು ಎಳದ್ರು.

“ದಿಕ್ಕೇ ತಪ್ಪು. ಇದ ತಪ್ಪಿದ್ರ ಹಾಲ್ ಎಫೆಕ್ಟ್ ಮಾಡಿ ಏನು ಉಪಯೋಗ? ಮುಂದ ಹೇಳು. ಕ್ಯಾರಿಯರ್ ಎಷ್ಟು?”

ಆಕಿ ಹಾಳಿ ನೋಡಕೊಂತ ಹೇಳಿದ್ಲು. “ನಾಕು ಮಿಲಿ ಆಂಪಿಯರ್‌ಗೆ ಐವತ್ತೆಂಟು ಮಿಲಿ ವೋಲ್ಟ್ ಬಂತ್ರಿ ಸರ್. ದಪ್ಪಾ, ಕರೆಂಟು, ಆಯಸ್ಕಾಂತ ಹಾಕಿ ಲೆಕ್ಕ ಮಾಡಿದ್ರ ಹಾಲ್ ಗುಣಾಂಕ ಪಾಯಿಂಟ್ ಸೊನ್ನಿ ಮೂರು ಆರು. ಒಂದು ಘನ ಸೆಂಟಿಮೀಟರ್‌ನ್ಯಾಗ ಸುಮಾರು ನೂರಾ ಎಪ್ಪತ್ತೈದು ಲಕ್ಷ ಕೋಟಿ ಕ್ಯಾರಿಯರ್.”

“ಮೊಬಿಲಿಟಿ?”

“ತುಂಡಿನ ವಾಹಕತೆ ಹತ್ತು. ಅದಕ್ಕ ಗುಣಾಂಕ ಗುಣಿಸಿದ್ರ ಪಾಯಿಂಟ್ ಮೂರು ಆರು…”

ಅಷ್ಟಕ್ಕ ನಿಂತ್ಲು. ಗ್ವಾಡಿ ಮ್ಯಾಲೆ ತೂಗು ಹಾಕಿದ್ದ ಪಟ್ಟಿ ಕಡೆ ನೋಡಿದ್ಲು. ಅದರಾಗ ಜರ್ಮೇನಿಯಂನ ಮೊಬಿಲಿಟಿ, ಅಂದ್ರ ಒಳಗಿನ ಚಾರ್ಜು ಎಷ್ಟು ಸಲೀಸು ಓಡತಾವ ಅನ್ನೂದು, ಬರದಿತ್ತು: ಎಲೆಕ್ಟ್ರಾನಿಗೆ ಪಾಯಿಂಟ್ ಮೂರು ಒಂಬತ್ತು, ಹೋಲಿಗೆ ಪಾಯಿಂಟ್ ಒಂದು ಒಂಬತ್ತು.

“ಸರ್,” ಅಂದ್ಲು, ಈಗ ಹಾಳಿ ಕಡೆ ನೋಡಲಿಲ್ಲ. “ಹೋಲು ಎಷ್ಟ ಜೋರು ಓಡಿದ್ರೂ ಪಾಯಿಂಟ್ ಒಂದು ಒಂಬತ್ತು ದಾಟೂದಿಲ್ಲರಿ. ನನಗ ಅದರ ಡಬಲ್ ಹತ್ತಿರ ಬಂದದ. ಅಂದ್ರ ಇದು ಪಿ ಇರಾಕ ಸಾಧ್ಯನ ಇಲ್ಲ. ಡಬ್ಬಿ ಖರೇ ಐತಿ. ಆದ್ರ ನನ್ನ ವೈರೂ ಖರೇ ಅದಾವ. ಉಳದದ್ದು ಆಯಸ್ಕಾಂತ ಒಂದ. ಒಂದು ಕಾಂಪಾಸ್ ಕೊಡ್ರಿ ಸರ್.”

ಸರ್ ಮೀಸಿ ಮ್ಯಾಲೆ ಕೈ ಇಟ್ಟು ಆಕೀನ್ನ ನೋಡಿದ್ರು. “ಮೈಲಾರೆಪ್ಪಾ, ಕಾಂಪಾಸ್ ತಾ.”

ಕಪಾಟಿನ್ಯಾಗಿಂದ ಕಾಂಪಾಸ್ ತಂದೆ. ಮುಸ್ಕಾನ್ ಆಯಸ್ಕಾಂತದ ಕರೆಂಟು ಕಡಿಮಿ ಮಾಡಿ, ಸೂಜಿ ಕೆಡಬಾರದಂತ ಒಂದು ಗೇಣು ದೂರದಾಗ ಹಿಡಿದ್ಲು. ಸೂಜಿಯ ಉತ್ತರದ ತುದಿ ಸರ್ರಂತ ತಿರುಗಿ ನನ್ನ ಕೆಂಪು ‘ಉ’ ಕಡೆಗೇ ಮುಖ ಮಾಡಿ ನಿಂತಿತು. ಉತ್ತರ ಉತ್ತರಾನ ಎಳಿಯೂದಿಲ್ಲ. ಆ ಧ್ರುವ ದಕ್ಷಿಣ ಇತ್ತು.

“ಶಾಬ್ಬಾಸ್!” ಅಂದ್ರು ಶ್ರೀದೇವಿ ಮೇಡಂ, ಸರ್ ಮುಂದ ಕುಂತದ್ದ ಮರ್ತು.

ಸರ್ ನಗಲಿಲ್ಲ. “ಇದರ ಸುರುಳಿ ಹೊಸಾವು ಕಾಣತಾವ. ಯಾವ ದಡ್ಡ ಸುತ್ಯಾನ ಇವನ್ನ, ಉಲ್ಟಾ?”

ಮುಸ್ಕಾನ್ ಸುರುಳಿ ಕಡೆ ನೋಡಿದ್ಲು. ಅದು ತನ್ನ ಅಬ್ಬಾನ ಕೈಕೆಲಸ ಅಂತ ಆಕಿಗೆ ಗೊತ್ತಿತ್ತು. ತುಟಿ ಕಚ್ಚಿ ತಲಿ ಬಾಗಿಸಿದ್ಲು. ಗೆದ್ದ ಹುಡುಗಿ ಕಳ್ಳರಂಗ ನಿಂತದ್ದು ನೋಡಿ ನಾ ಮುಂದ ಬಂದೆ.

“ಸುತ್ತಿದವರು ದಡ್ಡರಲ್ಲರಿ ಸರ್” ಅಂದೆ. “ಕೂಡ್ರಿಸಿದ ಮ್ಯಾಲೆ ದಿಕ್ಕು ನೋಡು, ಉಲ್ಟಾ ಇದ್ರ ಎರಡು ವೈರ್ ಅದಲಬದಲ ಮಾಡು ಅಂತ ಜಹಾಂಗೀರ ಸಾಬ್ರು ಬಾಯಿಬಿಟ್ಟು ಹೇಳಿದ್ರು. ನಾನ ನಕ್ಕೆ. ಮೀಟರ್ ಮೈನಸ್ ತೋರಿಸ್ತು, ನಾ ಕಡ್ಡಿ ತಿರುವಿ ಹಿಡದೆ. ಒಂದು ವರ್ಷ ಹುಡುಗೂರಿಗೆ ಎನ್ ಬರೀರಿ ಅಂತ ಕಿವ್ಯಾಗ ಹೇಳೇನಿ. ಇವತ್ತ ಈಕಿಗೂ ಹೇಳಿದೆ. ಈಕಿ ಕೇಳಲಿಲ್ಲ. ತಪ್ಪು ನಂದ.”

ಮುಸ್ಕಾನ್ ತಲಿ ಎತ್ತಿ ನನ್ನ ನೋಡಿದ್ಲು, ಕಣ್ಣಾಗ ನೀರು ಇತ್ತು.

ಸರ್ ನನ್ನ ಕಡೆ ತಿರುಗಿದ್ರು. “ಕಿವ್ಯಾಗ ಹೇಳೂದು ಇವತ್ತಿಗೆ ಬಂದ್ ಮಾಡು. ಇನ್ನೊಮ್ಮೆ ಕಂಡ್ರ ಪ್ರಿನ್ಸಿಪಾಲರಿಗೆ ಬರೀತೇನಿ” ಅಂದ್ರು. ತಾವ ಎಳದ ಕೆಂಪು ಗೀಟಿನ ಬಾಜು ಸಹಿ ಹಾಕಿ, ಅದನ್ನ ರದ್ದು ಮಾಡಿದ್ರು. ಹುಡುಗಿಗೆ ಅಂದ್ರು, “ಏನು ಕಂಡಿ, ಯಾಕ ಸಂಶಯ ಬಂತು, ಕಾಂಪಾಸ್ ಏನು ಹೇಳ್ತು, ಎಲ್ಲಾ ಬರಿ. ಆಮ್ಯಾಲೆ ಎನ್ ಅಂತ ಬರಿ.”

ಜೂನ್ ಕಡೀಕ ಧಾರವಾಡದ ಪಟ್ಟಿ ಬಂತು. ಮುಸ್ಕಾನ್ ಹೆಸರು ಕಟ್ಟಕಡೀಗೆ ಇತ್ತು, ಒಂದು ಮಾರ್ಕ್ಸ್ ಕಡಿಮಿ ಆಗಿದ್ರೂ ಇರ್ತಿದ್ದಿಲ್ಲ. ಎನ್ ಅಂತ ಸುಮ್ಮನ ಬರದಿದ್ರ, ಅಡ್ಡ ವೋಲ್ಟೇಜಿನ ಗುರುತು ಒಂದು, ಉತ್ತರ ಇನ್ನೊಂದು ಅಂತ ಸರ್ ಹಿಡೀತಿದ್ರು. ನನ್ನ ಮಾತು ಕೇಳಿದ್ರ ಆಕೀ ಸೀಟು ನಾನ ತಿಂದಿರ್ತಿದ್ದೆ. ಅವತ್ತ ರಾತ್ರಿ ಪ್ರೇಮವ್ವಗ ಇದನ್ನ ಹೇಳಿದೆ.

ಮರುದಿನ ಪೇಢೆ ತಗೊಂಡು ಬ್ಯಾಡಗಿ ರಸ್ತೆಗೆ ಹೋದೆ. ಜಹಾಂಗೀರ ಸಾಬ್ರು ಯಾವುದೋ ರೈತನ ಮೋಟರ್ ಬಿಚ್ಚಿಕೊಂಡು ಕುಂತಿದ್ರು. ಅಂಗಡಿಯಾಗ ಅವತ್ತೂ ಮಂದಿ ಇದ್ರು. ಅವರೆಲ್ಲರ ಮುಂದ ನಿಂತು, “ಸಾಬ್ರ, ಅವತ್ತ ನಾ ನಕ್ಕಿದ್ದೆ, ನನ್ನ ತಪ್ಪಾತು” ಅಂದೆ.

ಸಾಬ್ರು ಪೇಢೆ ಬಾಯಿಗೆ ಹಾಕ್ಕೊಂಡು, ಎಣ್ಣಿ ಕೈ ಒರಸಿಕೊಂತ ಕೇಳಿದ್ರು, “ಅದಿರಲಿ ಮೈಲಾರಣ್ಣಾ. ಎರಡು ವೈರ್ ಅದಲಬದಲ ಮಾಡಿದಿ ಇಲ್ಲೋ?”