ಅಮರಗುಂಡಪ್ಪನವರಿಗೆ ಬರೆದ ಚೀಟಿ

ಮನೆ ಬಿಡುವ ದಿನ ಸಂಗಮ್ಮ ಟೀಚರು ಎದ್ದವರೇ ಒಲೆ ಸಾರಿಸಿದರು, ಗೋಡೆಯ ಮೊಳೆ ಕಿತ್ತು ತೂತುಗಳಿಗೆ ಸುಣ್ಣ ಮೆತ್ತಿದರು. ಒಲೆಯ ಪಕ್ಕ ತುಂಬಿದ ಕೊಡ ಇಟ್ಟು ಹಣತೆ ಹಚ್ಚಿದರು. ಬಿಟ್ಟ ಮನೆಯನ್ನು ಕತ್ತಲಲ್ಲಿ ಬಿಡಬಾರದೆಂಬುದು ಲಿಂಗಸುಗೂರಿನ ಆ ಓಣಿಯ ರೂಢಿ. ಸಾಮಾನು ಆಗಲೇ ಬಂಡಿಯಲ್ಲಿ ಸಿಂಧನೂರಿಗೆ ಹೋಗಿತ್ತು. ಮಸ್ಕಿ ಮೇಲೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು.

ಉಳಿದದ್ದು ಒಂದೇ ಕೆಲಸ. ಮನೆಯೊಡೆಯ ಅಮರಗುಂಡಪ್ಪನವರಿಗೆ ಬರೆದ ಚೀಟಿಯನ್ನು ಬೀಗದ ಕೈ ಜೊತೆ ಕಟ್ಟೆಯ ಮೇಲಿಟ್ಟು ಜಾರಿಕೊಳ್ಳುವುದು. ಎದುರಿಗೆ ಕೇಳಲಾಗದ ಮಾತೊಂದು ಅದರಲ್ಲಿತ್ತು. ಸರಕಾರಿ ದವಾಖಾನೆಗೆ ಹೊಸದಾಗಿ ಬಂದ ನರ್ಸ್ ಗದ್ದೆಮ್ಮನಿಗೆ, ಜಾತಿ ಕೇಳಿದ ಮೇಲೆ, ಊರಲ್ಲಿ ಯಾರೂ ಮನೆ ಕೊಟ್ಟಿರಲಿಲ್ಲ.

ಜಾರಿಕೊಳ್ಳುವ ಮೊದಲೇ ಅಮರಗುಂಡಪ್ಪ ಮಜ್ಜಿಗೆಯ ತಂಬಿಗೆ ಹಿಡಿದು ಬಂದರು. ಮಜ್ಜಿಗೆಯ ನೆವದಲ್ಲಿ ಮನೆಯ ಮಣ್ಣಿನ ಮಾಳಿಗೆ ನೋಡುವುದು, ಮಾಳಿಗೆಯ ನೆವದಲ್ಲಿ ಮಜ್ಜಿಗೆ ಕೊಡುವುದು ಅವರ ಚಾಳಿ. ಸಂಗಮ್ಮನ ಕೈಯಲ್ಲಿದ್ದ ಚೀಟಿ ತೆಗೆದುಕೊಂಡು ಬಿಚ್ಚಿ, ಚಸ್ಮಾ ಏರಿಸಿ, ಆಚೀಚೆ ತಿರುಗಿಸಿದರು.

"ಅಕ್ಕಾರ, ನಾ ಕಲಿತದ್ದು ನಿಜಾಮರ ಕಾಲದ ಸಾಲ್ಯಾಗ. ಉರ್ದೂ ಇದ್ರ ಗಡಗಡ ಓದ್ತಿದ್ದೆ. ಇದನ್ನ ನೀವ ಓದ್ರಿ."

ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ಸಂಗಮ್ಮನಿಗೆ ಇದು ಹೊಳೆದೇ ಇರಲಿಲ್ಲ. ಓದದೆ ವಿಧಿಯಿರಲಿಲ್ಲ.

"'ಕಾಕಾ ಅವರಿಗೆ ಶರಣು. ಬೀಗದ ಕೈ ಎರಡೂ ಇಲ್ಲಿವೆ. ಬೆಳಕಿಂಡಿಯ ಮುಚ್ಚಳ ಸೀಳಿದೆ, ಮಳೆಗೆ ಮೊದಲು ಬದಲಿಸಿ. ಅಡುಗೆಮನೆ ಮೂಲೆ ಸೋರುತ್ತದೆ, ಅಲ್ಲಿ ಮಾಳಿಗೆಗೆ ಇನ್ನೊಂದು ಬುಟ್ಟಿ ಸವಳುಮಣ್ಣು ಬೇಕು. ಆಳಿಗೆ ಹೇಳಿ, ನೀವು ಹತ್ತಬೇಡಿ. ಬಚ್ಚಲಿನ ಅಗುಳಿ ಮುರಿದವಳು ನಾನು, ಸರಿ ಮಾಡಿಸಿದ್ದೇನೆ. ಒಂಟಿ ಹೆಂಗಸಿಗೆ ಏನೂ ಕೇಳದೆ ಮನೆ ಕೊಟ್ಟಿರಿ, ಮರೆಯುವುದಿಲ್ಲ. ಮಜ್ಜಿಗೆಗೆ ಮಾತ್ರ ಉಪ್ಪು ಹೆಚ್ಚು.'"

"ಉಪ್ಪು ನಮ್ಮ ಮನ್ಯಾಕಿದ್ರಿ. ಮಜ್ಜಿಗಿ ಅಷ್ಟ ನಂದು."

ಸಂಗಮ್ಮ ಚೀಟಿ ಮಡಚಿದರು.

"ಓದಾಕ ಬರದಿದ್ರೂ ಕಣ್ಣು ಕಾಣ್ತಾವ್ರಿ. ತಳಗ ಇನ್ನೊಂದು ಸಾಲು ಐತಿ."

ಸಂಗಮ್ಮ ಚೀಟಿಯನ್ನು ಮತ್ತೆ ಬಿಚ್ಚಿದರು. "'ಮನೆಯನ್ನು ನರ್ಸ್ ಗದ್ದೆಮ್ಮನಿಗೆ ಕೊಡಿ.'"

ಅಮರಗುಂಡಪ್ಪ ಚಸ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಅದು ಆಗಲೇ ಸ್ವಚ್ಛವಿತ್ತು.

"ಓಣಿ ಸಿಟ್ಟಿಗೆದ್ದು ಕುಣಿತೈತಿ. ನಮ್ಮಾಕಿ ಅದಕ್ಕಿಂತ ಮುಂಚೆ ಕುಣಿತಾಳ."

ಸಂಗಮ್ಮ ಬೀಗದ ಕೈ ಚಾಚಿದರು. ಅಮರಗುಂಡಪ್ಪ ಅದನ್ನು ಬಿಟ್ಟು ಚೀಟಿ ತೆಗೆದುಕೊಂಡರು.

"ಬಾಯಿಲೆ ಕೇಳಿದ್ರ ಇಲ್ಲ ಅಂತಿದ್ದೆ ಅಂತ ತಿಳಿದ್ರೇನು? ಆದ್ರೂ ಬರೆದದ್ದು ಚಲೋ ಆತು. ಕಾಗದದಾಗ ಹಿಂಗ ಐತಿ, ನಾ ಏನ್ ಮಾಡ್ಲಿ ಅಂತೀನಿ. ನಮ್ಮಾಕಿಗೂ ಓದಾಕ ಬರೂದಿಲ್ಲ."

ಚೀಟಿ ಜೇಬಿಗೆ ಹೋಯಿತು. ಅಮರಗುಂಡಪ್ಪ ಒಳಗೆ ಹೋಗಿ ತಂಬಿಗೆಯನ್ನು ಹಣತೆಯ ಪಕ್ಕ ಇಟ್ಟು ಬಂದರು.

"ನಿಮ್ಮ ಬಸ್ಸು ದವಾಖಾನಿ ಮುಂದ ನಿಲ್ತೈತಿ. ಬೀಗದ ಕೈ ಆ ನರ್ಸಮ್ಮನ ಕೈಯಾಗ ಕೊಟ್ಟು ಹೋಗ್ರಿ. ಹಣತ್ಯಾಗಿನ ಎಣ್ಣಿ ತೀರೂದ್ರಾಗ ಬಾ ಅನ್ರಿ. ಹಂಗ, ಉಪ್ಪಿನ ಮಾತೂ ಹೇಳ್ರಿ."