ದೀಪ ಹಚ್ಚದ ಭಾಷಣ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಮನೆಯಲ್ಲೂ ಹೇಳುತ್ತಾರೆ, ಕ್ಲಾಸಿನಲ್ಲೂ ಹೇಳುತ್ತಾರೆ. ಆ ಶನಿವಾರ ಮಾತ್ರ ಅದು ನಿಧಾನವಾಗಿ, ಕೂತು ಕೂತು ಬಂತು.

ಶಿವಮೊಗ್ಗದ ನಮ್ಮ ಶಾಲೆಯ ಪಿಯು ವಿಭಾಗದಲ್ಲಿ ಅಂದು ಬೆಳಿಗ್ಗೆ ವಾಣಿಜ್ಯ ಸಂಘದ ಉದ್ಘಾಟನೆ. ಅದೇ ದಿನ ಮಧ್ಯಾಹ್ನ ಭದ್ರಾವತಿಯಲ್ಲಿ ಜಿಲ್ಲಾ ಮಟ್ಟದ ಖೋ-ಖೋ ಫೈನಲ್. ತಂಡದಲ್ಲಿ ನನ್ನಷ್ಟು ಹೊತ್ತು ಸಿಗದೆ ಓಡುವವರು ಇನ್ನೊಬ್ಬರಿಲ್ಲ. ನಾನು ಸೆಕೆಂಡ್ ಪಿಯುಸಿ. ಈ ಫೈನಲ್ ತಪ್ಪಿದರೆ ಮತ್ತೆ ಸಿಗುವುದಿಲ್ಲ.

"ಐದು ನಿಮಿಷದ ಭಾಷಣ ಶರಣ್ಯಾ, ಮುಗಿಸ್ಕೊಂಡು ಬಸ್ ಹತ್ತು. ನಿಂಗೇನು ನಷ್ಟ?" ಎಂದಿದ್ದರು ಅರ್ಥಶಾಸ್ತ್ರದ ಶಿವಕುಮಾರ್ ಸರ್. ತಂಡದವರು ಪಿಟಿ ಟೀಚರ್ ಜಲಜಮ್ಮ ಮೇಡಂ ಜೊತೆ ಮೊದಲೇ ಹೊರಟರು.

ಭಾಷಣದ ವಿಷಯ ಅವಕಾಶ ವೆಚ್ಚ. ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಟ್ಟದ್ದೆಲ್ಲವನ್ನೂ ಕೂಡಿಸಬೇಕು ಎಂದು ನಾನು ಬರೆದಿದ್ದೆ. ಸರ್ ಅದನ್ನು ಹೊಡೆದು ಹಾಕಿ, "ಎಲ್ಲಾನೂ ಒಟ್ಟಿಗೆ ಮಾಡೋಕೆ ಆಗ್ತಿತ್ತಾ? ಬಿಟ್ಟಿದ್ರಲ್ಲಿ ಯಾವುದು ನಿಂಗೆ ಎಲ್ಲಕ್ಕಿಂತ ಮುಖ್ಯವೋ ಅದೊಂದೇ ಲೆಕ್ಕ" ಎಂದು ತಿದ್ದಿದ್ದರು. ಪಾಠ ಅವರಿಗೆ ಚೆನ್ನಾಗಿ ಗೊತ್ತು. ಆ ದಿನ ನನಗೆ ಅಷ್ಟು ಸಿಟ್ಟು ಬಂದದ್ದೇ ಅದಕ್ಕೆ.

ಹೇಳಿದ ಹೊತ್ತಿಗೆ ಮುಖ್ಯ ಅತಿಥಿ ಬರಲಿಲ್ಲ. ಬೇರೆ ಯಾವುದೋ ಸಮಾರಂಭದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಬಂದೇಬಿಟ್ಟರು, ದಾರಿಯಲ್ಲಿದ್ದಾರೆ ಎಂದು ಸುದ್ದಿ ಬರುತ್ತಲೇ ಇತ್ತು. ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಇಟ್ಟು, ಹೂವು ಸುತ್ತಿ ಎಲ್ಲ ಆಗಿತ್ತು. ನಾನು ಯೂನಿಫಾರ್ಮಿನ ಕೆಳಗೆ ಆಟದ ಶೂ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದೆ.

"ಸರ್, ನಾನು ಮೊದಲೇ ಮಾತಾಡಿ ಹೋಗ್ಲಾ?"

"ದೀಪ ಹಚ್ಚೋಕೆ ಮುಂಚೆ ಭಾಷಣನಾ? ಎಲ್ಲಾದ್ರೂ ಉಂಟಾ ಮಾರಾಯ್ತಿ. ಸುಮ್ನೆ ಕೂತ್ಕೋ."

ಕೂತೆ. ಒಂದಾದ ಮೇಲೊಂದು ಭದ್ರಾವತಿ ಬಸ್ಸು ಹೋಗುತ್ತಿರುತ್ತದೆ ಎಂದುಕೊಳ್ಳುತ್ತಾ ಕೂತೆ. ಮತ್ತೆ ಎದ್ದು ಕೇಳಿದ್ದಕ್ಕೆ ಸರ್, "ಇಷ್ಟೊತ್ತು ಕಾದಿದ್ದೀಯ. ಈಗ ಹೋದ್ರೆ ಕಾದಿದ್ದೆಲ್ಲ ದಂಡ ಆಗಲ್ವಾ?" ಎಂದರು.

ಅರ್ಥಶಾಸ್ತ್ರದ ಮೇಷ್ಟ್ರು ಆಡುವ ಮಾತೇ ಇದು? ನನಗೆ ರೇಗಿಹೋಯಿತು. ಸೀದಾ ವೇದಿಕೆ ಹತ್ತಿ ಮೈಕ್ ಹಿಡಿದೆ.

"ಎಲ್ಲರಿಗೂ ನಮಸ್ಕಾರ. ನಿಮ್ಮ ಫ್ರೆಂಡು ತ್ಯಾವರೆಕೊಪ್ಪ ಸಫಾರಿಗೆ ಪುಕ್ಕಟೆ ಟಿಕೆಟ್ ಕೊಟ್ರು ಅಂದ್ಕೊಳ್ಳಿ. ದುಡ್ಡು ಕೊಡಬೇಕಿಲ್ಲ. ಆದ್ರೂ ಅದು ಪುಕ್ಕಟೆ ಅಲ್ಲ. ಹೋಗದಿದ್ರೆ ಅವತ್ತು ಟೆಸ್ಟಿಗೆ ಓದ್ತಿದ್ರಿ, ಇಲ್ಲಾ ನಿದ್ದೆ ಮಾಡ್ತಿದ್ರಿ. ಅದ್ರಲ್ಲಿ ಓದೋದೇ ನಿಮಗೆ ಹೆಚ್ಚಿನದಾದ್ರೆ, ಆ ಬಿಟ್ಟ ಓದೇ ಸಫಾರಿಯ ಅವಕಾಶ ವೆಚ್ಚ. ನಿದ್ದೆನೂ ಸೇರಿಸಬೇಡಿ, ಎರಡೂ ಒಟ್ಟಿಗೆ ಆಗ್ತಿರಲಿಲ್ಲ."

ಸರ್ ಕೆಳಗಿನಿಂದ ಕೈ ಬೀಸಿ ಇಳಿ ಎಂದರು. ನಾನು ಇಳಿಯಲಿಲ್ಲ.

"ಇನ್ನೊಂದು ಉದಾಹರಣೆ ಬರ್ಕೊಂಡು ಬಂದಿರಲಿಲ್ಲ, ಇಲ್ಲೇ ಸಿಕ್ತು. ಬೆಳಿಗ್ಗೆಯಿಂದ ಇಲ್ಲಿ ಕೂತಿದ್ದೀನಿ. ಕಾದ ಹೊತ್ತು ಹೋಯ್ತು. ಇಲ್ಲೇ ಕೂತ್ರೂ ವಾಪಸ್ ಬರಲ್ಲ, ಎದ್ದು ಹೋದ್ರೂ ಬರಲ್ಲ. ಅದಕ್ಕೇ ಅದನ್ನ ಲೆಕ್ಕಕ್ಕೆ ತಗೋಬಾರದು. ಇನ್ನು ಕೂತ್ರೆ ಏನು ಬಿಡ್ತೀನಿ ಅಂತ ನೋಡ್ಬೇಕು. ಭದ್ರಾವತಿ ಫೈನಲ್ ಬಿಡ್ತೀನಿ. ಕಾಯ್ಬೇಕು ಅಂತ ತೀರ್ಮಾನ ಮಾಡೋರು ಬೇರೆಯವರು, ಆಟ ಬಿಡೋಳು ನಾನು. ನಮಸ್ಕಾರ."

ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ಸರ್ ಅಡ್ಡ ನಿಂತರು. "ಹೀಗೆ ಹೋದ್ರೆ ಸಂಘದ ಕಾರ್ಯದರ್ಶಿ ಸ್ಥಾನ ನಿಂಗಿಲ್ಲ."

ಆ ಸ್ಥಾನ ನನಗೆ ಬೇಕಿತ್ತು. ತಿಂಗಳುಗಟ್ಟಲೆ ಅದರ ಆಸೆಯಲ್ಲಿದ್ದೆ. "ಗೊತ್ತು ಸರ್. ನಾನು ಹೋಗೋದ್ರ ವೆಚ್ಚ ಅದೇ. ಕೊಟ್ಟು ಹೋಗ್ತೀನಿ" ಎಂದು ಹೊರಬಂದೆ.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ದಾರಿಯುದ್ದಕ್ಕೂ ನಿಂತೇ ಡ್ರೈವರನನ್ನೂ ಅತಿಥಿಯನ್ನೂ ಮನಸ್ಸಿನಲ್ಲೇ ಬೈದೆ.

ಮೈದಾನ ಮುಟ್ಟಿದಾಗ ಕಂಬ ಕೀಳುತ್ತಿದ್ದರು. ಒಂದೇ ಒಂದು ಪಾಯಿಂಟಿನಲ್ಲಿ ಸೋತಿದ್ದೆವು. ನನ್ನ ಜಾಗದಲ್ಲಿ ಓಡಿದ್ದ ಸ್ಫೂರ್ತಿ ತರಚಿದ ಮೊಣಕಾಲು ಚಾಚಿಕೊಂಡು ನೆಲದ ಮೇಲೆ ಕೂತಿದ್ದಳು.

"ಎಲ್ಲಿದ್ದೆ ಮಾರಾಯ್ತಿ?" ಎಂದಳು. ಬೈದಿದ್ದರೆ ವಾಪಸ್ ಬೈಯಬಹುದಿತ್ತು, ಅವಳು ಬೈಯಲಿಲ್ಲ. ನನಗೆ ಅಳು ಬಂತು. ಅತ್ತದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಜಲಜಮ್ಮ ಮೇಡಂ ಫೋನ್ ರಿಂಗಾಯಿತು. ಅವರು "ಆಟ ಮುಗೀತು ಸರ್" ಎಂದು ಫೋನನ್ನು ನನ್ನ ಕೈಗೆ ಕೊಟ್ಟರು.

"ಶರಣ್ಯಾ, ಅತಿಥಿಗಳು ಬಂದ್ರು," ಶಿವಕುಮಾರ್ ಸರ್ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ದೀಪ ಹಚ್ಚಾಯ್ತು. ನಿನ್ನ ಭಾಷಣದ ವಿಷಯ ಹೇಳಿದೆ, ಅವ್ರು ಕೇಳ್ಬೇಕಂತೆ. ಆಟೋ ಮಾಡ್ಕೊಂಡು ಬಾ, ಕಾರ್ಯದರ್ಶಿನೂ ನೀನೇ. ಹೇಗೂ ಅಲ್ಲಿ ಆಟ ಮುಗಿದಿದೆಯಂತಲ್ಲ, ಈಗ ಬಂದ್ರೆ ನಿಂಗೇನು ನಷ್ಟ?"

ನಾನು ಸ್ಫೂರ್ತಿಯ ಮೊಣಕಾಲು ನೋಡಿದೆ. ಮಣ್ಣು ಇನ್ನೂ ಅಂಟಿಕೊಂಡಿತ್ತು, ಯಾರೂ ತೊಳೆದಿರಲಿಲ್ಲ.

"ಇಲ್ಲೊಬ್ಬಳ ಕಾಲು ತೊಳೀಬೇಕು ಸರ್," ಎಂದು ಫೋನ್ ಇಟ್ಟೆ.